ಮಸುಕು ಸ್ಲೈಡ್, ಸರ್ಜನ್‌ಗೆ ಒಂದು ಪತ್ರ: ನನ್ನ ಅನುಭವ

'ಸ್ಯಾಂಪಲ್ ಸಾಲದು, ಮತ್ತೆ ಕಳಿಸಿ' ಅಂತ ಒಂದೇ ಸಾಲಿನ ರಿಪೋರ್ಟ್ ಕೊಟ್ಟರೆ ಏನಾಗುತ್ತದೆ ಅಂತ, ಗಂಟಿನಿಂದ ಸೂಜಿಯಲ್ಲಿ ತೆಗೆದ ಜೀವಕೋಶಗಳನ್ನು ನೋಡುವ ಪೆಥಾಲಜಿಸ್ಟ್‌ಗಳಾದ ನಮಗೆಲ್ಲ ಗೊತ್ತು. ಎರಡನೇ ಸಲವೂ ಅದೇ ರಕ್ತ ತುಂಬಿದ ಸ್ಲೈಡ್. ರೋಗಿಗೆ ಇನ್ನೊಂದು ಚುಚ್ಚು, ಇನ್ನೊಂದು ಬಿಲ್ಲು. ಅದಕ್ಕೇ ಪತ್ರ ಬರೆಯತೊಡಗಿದೆ. 'ಸರ್ಜನ್‌ಗಳು ಪತ್ರ ಓದ್ತಾರಾ?' ಅಂದರು ಜೊತೆಯವರು.

ಒಂದು ಥೈರಾಯ್ಡ್ ಗಂಟು, ಸುಮಾರು ಎರಡು ಸೆಂಟಿಮೀಟರ್, ಅರ್ಧ ಭಾಗ ನೀರು. ಸ್ಲೈಡ್ ತುಂಬ ರಕ್ತ. ಹತ್ತು ಜೀವಕೋಶವಾದರೂ ಇರುವ ಗುಂಪು ಆರು ಬೇಕು, ಸಿಕ್ಕಿದ್ದು ಎರಡೋ ಮೂರೋ. ಅವುಗಳಲ್ಲೂ ನ್ಯೂಕ್ಲಿಯಸ್ ದೊಡ್ಡದಾಗಿ, ಪೇಲವವಾಗಿ, ಅಂಚು ಕಲಸಿದಂತೆ ಕಾಣುತ್ತಿತ್ತು. ಒಂದೆರಡರಲ್ಲಿ ಗೆರೆಯಂಥದ್ದೂ ಇತ್ತು. ಪ್ಯಾಪಿಲರಿ ಕ್ಯಾನ್ಸರ್ ಇರಬಹುದಾ? ಆದರೆ ಆಲ್ಕೊಹಾಲ್‌ಗೆ ಹಾಕುವ ಮುನ್ನವೇ ಒಣಗಿದ ಸ್ಮಿಯರ್‌ಗೆ ಪ್ಯಾಪ್ ಸ್ಟೇನ್ ಹಾಕಿದರೂ ಹೀಗೇ ಕಾಣುತ್ತದೆ, ಅಲ್ವಾ?

ಬರೆದದ್ದು ಇಷ್ಟು:

"ಡಾಕ್ಟರೇ, ನೀವು ಕಳಿಸಿದ ಸ್ಲೈಡ್‌ನಲ್ಲಿ ಅನುಮಾನ ಬರುವಂಥ ಕೆಲವು ಜೀವಕೋಶಗಳಿವೆ. ಆದರೆ ಅವು ಒಣಗಿ ಹಿಗ್ಗಿವೆ, ಮೇಲೆ ರಕ್ತ ಮುಚ್ಚಿದೆ. ಇದನ್ನು ನಂಬಿ ಕ್ಯಾನ್ಸರ್ ಅನ್ನಲಾರೆ, ಅಲ್ಲ ಅಂತಲೂ ಅನ್ನಲಾರೆ. ಈ ರಿಪೋರ್ಟ್ ಆಧರಿಸಿ ಆಪರೇಷನ್ ನಿರ್ಧಾರ ಬೇಡ. ದಯವಿಟ್ಟು ಅಲ್ಟ್ರಾಸೌಂಡ್ ನೋಡಿಕೊಂಡು ಗಂಟಿನ ಗಟ್ಟಿ ಭಾಗಕ್ಕೇ 25 ಗೇಜ್ ಸೂಜಿ ಹಾಕಿ. ಮೊದಲು ಸಿರಿಂಜ್ ಎಳೆಯುವುದು ಬೇಡ. ಸೂಜಿಯ ಬುಡದಲ್ಲಿ ರಕ್ತ ಕಂಡ ಕೂಡಲೇ ಹೊರಗೆ ತೆಗೆಯಿರಿ. ಅರ್ಧ ಸ್ಲೈಡ್‌ಗಳು ತಕ್ಷಣ 95% ಆಲ್ಕೊಹಾಲ್‌ಗೆ ಹೋಗಲಿ, ಉಳಿದವು ಗಾಳಿಯಲ್ಲಿ ಒಣಗಲಿ. ಯಾವುದು ಯಾವುದೆಂದು ಬರೆದಿಡಿ. ನೀವು ಹೇಳಿದ ಹೊತ್ತಿಗೆ ನಾನೇ ಬರುತ್ತೇನೆ."

ಗಮನಿಸಿ, ಇದರಲ್ಲಿ ಯಾರ ತಪ್ಪು ಅನ್ನುವ ಮಾತೇ ಇಲ್ಲ. ಕಂಡದ್ದು, ಹೇಳಲಾಗದ್ದು, ಬೇಕಾದ್ದು, ಅಷ್ಟೇ. ಸರ್ಜನ್ ಅವತ್ತೇ ಫೋನ್ ಮಾಡಿದರು. ಮರುಪರೀಕ್ಷೆಗೆ ದುಡ್ಡು ತಗೋಬಾರದು ಅಂತ ನಮ್ಮ ಲ್ಯಾಬ್‌ನವರನ್ನು ಒಪ್ಪಿಸಲು ಮಾತ್ರ ಜಾಸ್ತಿ ಹೆಣಗಬೇಕಾಯಿತು. ಒಂದೆರಡು ಸ್ಲೈಡ್, ಸ್ವಲ್ಪ ಸ್ಟೇನ್. ಬೇಡದ ಆಪರೇಷನ್ನಿನ ಖರ್ಚಿನ ಮುಂದೆ ಅದೆಷ್ಟು?

ಈ ನಡುವೆ ಹಳೇ ಒಣ ಸ್ಲೈಡ್‌ಗಳ ಮೇಲೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅರ್ಧ ನಿಮಿಷ ನಾರ್ಮಲ್ ಸಲೈನ್, ಆಮೇಲೆ ಆಲ್ಕೊಹಾಲ್. ಆಗಷ್ಟೇ ಒಣಗಿದ್ದರೆ ನ್ಯೂಕ್ಲಿಯಸ್ ಚೆನ್ನಾಗಿ ತಿಳಿಯಾಗುತ್ತದೆ, ಕೆಂಪು ರಕ್ತಕಣಗಳೂ ಕರಗುತ್ತವೆ. ತುಂಬ ಹೊತ್ತು ಒಣಗಿದ್ದರೆ ಪ್ರಯೋಜನ ಕಮ್ಮಿ.

ಎರಡನೇ ಸ್ಯಾಂಪಲ್‌ನಲ್ಲಿ ಹತ್ತು ಹನ್ನೆರಡು ಒಳ್ಳೆಯ ಗುಂಪು ಸಿಕ್ಕವು. ಸಣ್ಣ ದುಂಡು ನ್ಯೂಕ್ಲಿಯಸ್, ಸುತ್ತ ಬೇಕಾದಷ್ಟು ಕೊಲಾಯ್ಡ್, ಗೆರೆ ಎಲ್ಲೂ ಇಲ್ಲ. ಅಪಾಯವಿಲ್ಲದ ಗಂಟು ಅಂತ ಧೈರ್ಯವಾಗಿ ಬರೆದೆ. ಆಪರೇಷನ್ ಬೇಕಾಗಲಿಲ್ಲ, ಈಗ ಸ್ಕ್ಯಾನ್ ಮಾಡಿ ನೋಡಿಕೊಳ್ಳುತ್ತಿದ್ದಾರೆ. ಆವಾಗಿನಿಂದ ಬರೆದ ಪತ್ರಗಳಲ್ಲಿ ನಾಲ್ಕಕ್ಕೆ ಮೂರರಷ್ಟಕ್ಕೆ ಒಳ್ಳೆಯ ಸ್ಯಾಂಪಲ್ ಬಂದಿದೆ. ಅಂದು ಅನುಮಾನಪಟ್ಟ ಜೊತೆಯವರೇ ಈಗ ಪತ್ರದ ನಕಲು ಕೇಳುತ್ತಿದ್ದಾರೆ.