ನಾಲ್ಕು ಜನರ ಬಿಸಿಬೇಳೆಬಾತ್ ನೂರು ಜನಕ್ಕೆ: 25ರಿಂದ ಗುಣಿಸಬೇಡಿ

ಮನೆಯಲ್ಲಿ ನಾಲ್ಕು ಜನಕ್ಕೆ ಮಾಡುವ ಬಿಸಿಬೇಳೆಬಾತನ್ನು ಮೊದಲ ಸಲ ನೂರು ಜನಕ್ಕೆ ಮಾಡಿದಾಗ ನಾನು ಎಲ್ಲವನ್ನೂ 25ರಿಂದ ಗುಣಿಸಿದ್ದೆ. ಗೃಹಪ್ರವೇಶದ ಊಟ. ಸಂಜೆಯವರೆಗೂ ಕಾಲು ಪಾತ್ರೆಗಿಂತ ಜಾಸ್ತಿ ಹಾಗೇ ಉಳಿದಿತ್ತು. ತಿಂದವರು ನೀರು ಕೇಳುತ್ತಿದ್ದರು. ಮರಾಠಿ ಮೊಗ್ಗು, ಲವಂಗ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ.

ತಪ್ಪು ಶುರುವಾಗಿದ್ದು ತಲೆ ಎಣಿಸಿದ್ದರಲ್ಲಿ. ಎಣಿಸಬೇಕಾದದ್ದು ತೂಕ. ನಮ್ಮ ಮನೆಯ ಅಳತೆ ಹೀಗಿದೆ: ಅಕ್ಕಿ 200 ಗ್ರಾಂ, ತೊಗರಿಬೇಳೆ 150, ತರಕಾರಿ 300, ನೀರು ಒಟ್ಟು 1.8 ಲೀಟರ್, ಪುಡಿ 25 ಗ್ರಾಂ, ಉಪ್ಪು 20 ಗ್ರಾಂ. ಜೊತೆಗೆ ಹುಣಸೆ, ಬೆಲ್ಲ, ಎಣ್ಣೆ. ಬೆಂದ ಮೇಲೆ ತೂಗಿದರೆ ಸುಮಾರು 2.2 ಕೆ.ಜಿ. ಅಂದರೆ ಒಬ್ಬರಿಗೆ ಅರ್ಧ ಕಿಲೋಗಿಂತ ಜಾಸ್ತಿ. ಮನೆಯಲ್ಲಿ ಅದೇ ಪೂರ್ತಿ ಊಟ, ಹಾಗಾಗಿ ಸರಿ. ಆದರೆ ಎಲೆಯ ಮೇಲೆ ಕೋಸಂಬರಿ, ಪಲ್ಯ, ಸಿಹಿ, ಮೊಸರನ್ನ ಎಲ್ಲ ಇರುವಾಗ ಒಬ್ಬರಿಗೆ 350 ಗ್ರಾಂ ಸಾಕು. ನೂರು ಜನಕ್ಕೆ 35 ಕೆ.ಜಿ. ಅದನ್ನು 2.2ರಿಂದ ಭಾಗಿಸಿದರೆ ಸಿಗುವುದು 16, 25 ಅಲ್ಲ. ಹಾಗಾಗಿ ಅಕ್ಕಿ 3.2 ಕೆ.ಜಿ., ಬೇಳೆ 2.4 ಕೆ.ಜಿ., ತರಕಾರಿ 4.8 ಕೆ.ಜಿ. ಈ ಮೂರನ್ನು ಧೈರ್ಯವಾಗಿ 16ರಿಂದ ಗುಣಿಸಬಹುದು. ಉಳಿದದ್ದಕ್ಕೆ ಈ ಗುಣಾಕಾರ ಸಾಲದು.

ಮೊದಲು ನೀರು. ಮನೆಯ ಪಾತ್ರೆ 20 ಸೆಂ.ಮೀ. ಅಗಲ ಅಂದುಕೊಳ್ಳಿ. ಅದರಲ್ಲಿ ಒಂದೊಂದು ಕಿಲೋ ಬಾತಿಗೂ ಸುಮಾರು 140 ಚದರ ಸೆಂ.ಮೀ. ಮೇಲ್ಮೈ ಗಾಳಿಗೆ ತೆರೆದಿರುತ್ತದೆ. 50 ಸೆಂ.ಮೀ. ಅಗಲದ ದೊಡ್ಡ ಪಾತ್ರೆಯಲ್ಲಿ 35 ಕಿಲೋ ಇದ್ದರೆ ಒಂದು ಕಿಲೋಗೆ ಸಿಗುವುದು 56 ಮಾತ್ರ. ಪಾತ್ರೆ ಅಗಲವಾದದ್ದು ನಿಜ, ಆದರೆ ಒಳಗಿನ ಅಡುಗೆ ಅದಕ್ಕಿಂತ ಎಷ್ಟೋ ಜಾಸ್ತಿಯಾಯಿತು. ಹಾಗಾಗಿ ಆವಿಯಾಗಿ ಹೋಗುವ ನೀರು ಲೆಕ್ಕದಷ್ಟು ಹೋಗುವುದಿಲ್ಲ. 16ರ ಲೆಕ್ಕದಲ್ಲಿ 29 ಲೀಟರ್ ನೀರು ಬರುತ್ತದೆ. ನಾನು 24 ಹಾಕುತ್ತೇನೆ. ಇನ್ನೊಂದು ನಾಲ್ಕು ಲೀಟರ್ ಪಕ್ಕದ ಒಲೆಯಲ್ಲಿ ಕುದಿಯುತ್ತಿರುತ್ತದೆ. ನೀರು ಸೇರಿಸುವುದು ಸುಲಭ. ಜಾಸ್ತಿಯಾದದ್ದನ್ನು ದೊಡ್ಡ ಪಾತ್ರೆಯಲ್ಲಿ ಇಂಗಿಸಲು ಹೋದರೆ ಅಡಿ ಹಿಡಿಯುತ್ತದೆ.

ಮಸಾಲೆಯ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ನಮಗೆ ಬರುವ ಘಮ ಅಂದರೆ ಮಸಾಲೆ ಪಾತ್ರೆಯಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಆಳವಾದ ಪಾತ್ರೆಯಲ್ಲಿ ಅದರ ಹೆಚ್ಚಿನ ಪಾಲು ಒಳಗೇ ಉಳಿಯುತ್ತದೆ. ಇನ್ನೊಂದು ಕಾರಣ ಸಮಯ. ಮನೆಯಲ್ಲಿ ಪುಡಿ ಹಾಕಿದ ಅರ್ಧ ಗಂಟೆಗೆ ಊಟ ಮುಗಿಯುತ್ತದೆ. ಇಲ್ಲಿ ಪುಡಿ ಬಿದ್ದ ಮೇಲೆ ಎರಡು ಗಂಟೆ ಬಾತ್ ಬಿಸಿಯಾಗಿಯೇ ಕೂತಿರುತ್ತದೆ. ಚಕ್ಕೆ, ಲವಂಗ, ಮೊಗ್ಗು ಅಷ್ಟೂ ಹೊತ್ತು ಸಾರ ಬಿಡುತ್ತಲೇ ಇರುತ್ತವೆ. ಮೆಣಸಿನಕಾಯಿಯ ಖಾರಕ್ಕಂತೂ ಆವಿಯಾಗುವ ಗುಣವೇ ಇಲ್ಲ, ಅದು ಮೆಲ್ಲಗೆ ಎಣ್ಣೆ, ತುಪ್ಪಕ್ಕೆ ಇಳಿದು ಎಲ್ಲ ಕಡೆ ಹರಡುತ್ತದೆ. ಪುಡಿ 16ರ ಲೆಕ್ಕಕ್ಕೆ 400 ಗ್ರಾಂ. ನಾನು 300ರಲ್ಲಿ ನಿಲ್ಲಿಸಿ, ಕಾಲು ಗಂಟೆ ಕುದಿಸಿ, ಆಮೇಲೆ ರುಚಿ ನೋಡುತ್ತೇನೆ. ಹಾಕಿದ ತಕ್ಷಣ ನೋಡಿದರೆ ಸಪ್ಪೆ ಅನ್ನಿಸಿ ಇನ್ನೊಂದು ಹಿಡಿ ಹಾಕಿಬಿಡುತ್ತೀರಿ. ಹುಣಸೆ ರಸವನ್ನೂ ಹೀಗೇ ಮುಕ್ಕಾಲರಲ್ಲಿ ನಿಲ್ಲಿಸಿ.

ಪುಡಿ ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ಹುರಿಯುವಾಗ ಒಂದೇ ಬಾಣಲೆಗೆ ಎಲ್ಲ ಸುರಿಯಬೇಡಿ. ರಾಶಿ ದೊಡ್ಡದಾದರೆ ಅದರ ಬಿಸಿ ಒಲೆ ಆರಿಸಿದ ಮೇಲೂ ಇಳಿಯುವುದಿಲ್ಲ. ಮೆಂತ್ಯ ಹುರಿಯುತ್ತಲೇ ಹೋಗಿ ಕಹಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಹುರಿದು, ಕೂಡಲೇ ಅಗಲವಾದ ತಟ್ಟೆಗೆ ಹರಡಿ.

ಉಪ್ಪಿನ ಕಥೆ ಬೇರೆ. ಉಪ್ಪು ಆವಿಯಾಗುವುದಿಲ್ಲ, ಹೊತ್ತು ಕಳೆದಂತೆ ಜೋರಾಗುವುದೂ ಇಲ್ಲ. ಅದು ತಯಾರಾದ ಅಡುಗೆಯ ತೂಕಕ್ಕೆ ತಕ್ಕಂತೆ ಇರಬೇಕು, ಅಷ್ಟೇ. ನಮ್ಮ ಮನೆಯ ಬಾತಿನಲ್ಲಿ ಕಿಲೋಗೆ 9 ಗ್ರಾಂ. ಹಾಗಾದರೆ ಏರುಪೇರಾಗುವುದು ಎಲ್ಲಿ? ಒಂದು, ಜನರ ಲೆಕ್ಕದಲ್ಲಿ 25ರಿಂದ ಗುಣಿಸಿ, ನೀರು ಮಾತ್ರ ಕಡಿಮೆ ಹಾಕಿದಾಗ. ಎರಡು, ಚಮಚದಲ್ಲಿ. ತಲೆ ತಟ್ಟಿದ ಚಮಚಕ್ಕೂ ಗುಡ್ಡೆ ಚಮಚಕ್ಕೂ ಇರುವ ವ್ಯತ್ಯಾಸ ನಾಲ್ಕು ಜನರ ಅಡುಗೆಯಲ್ಲಿ ಗೊತ್ತೇ ಆಗುವುದಿಲ್ಲ. ಅದನ್ನು ಗುಣಿಸುತ್ತಾ ಹೋದರೆ ನೂರಾರು ಗ್ರಾಂ ತಪ್ಪುತ್ತದೆ. ಹಾಗಾಗಿ ಉಪ್ಪನ್ನು ತಕ್ಕಡಿಯಲ್ಲೇ ತೂಗಿ. 320 ಗ್ರಾಂ ಲೆಕ್ಕ ಬಂದರೆ ಮೊದಲು 240 ಹಾಕಿ.

ಉಳಿದದ್ದನ್ನು ಅಂದಾಜಿನಲ್ಲಿ ಎರಚಬೇಡಿ. ಬಾತ್ ಪೂರ್ತಿ ಕಲಸಿದ ಮೇಲೆ ಒಂದು ಕಿಲೋ ಪಕ್ಕಕ್ಕೆ ತೆಗೆದು, 2 ಗ್ರಾಂ ಉಪ್ಪು ಹಾಕಿ ಕಲಸಿ, ಸ್ವಲ್ಪ ಆರಿಸಿ ತಿಂದು ನೋಡಿ. ಕುದಿಯುವ ಬಾತಿನಲ್ಲಿ ನಾಲಿಗೆಗೆ ಉಪ್ಪು ಸರಿಯಾಗಿ ಗೊತ್ತಾಗುವುದಿಲ್ಲ. ಸರಿ ಅನ್ನಿಸಿದರೆ ಪಾತ್ರೆಯಲ್ಲಿ ಉಳಿದ 34 ಕಿಲೋಗೂ ಕಿಲೋಗೆ 2 ಗ್ರಾಂನಂತೆ ಹಾಕಿ. ಆ ಒಂದು ಕಿಲೋವನ್ನು ಮತ್ತೆ ಸೇರಿಸಿ. ತಪ್ಪಿದರೂ ಹಾಳಾಗುವುದು ಒಂದೇ ಕಿಲೋ, ಅಲ್ವಾ?

ಈಗ ಬೇಯಿಸುವ ಹೊತ್ತು. ಅಕ್ಕಿಯ ಕಾಳಿಗೆ ತನ್ನ ಜೊತೆ ಎಷ್ಟು ಕಾಳಿದೆ ಎಂದು ಗೊತ್ತಿಲ್ಲ. ನೀರು ಕುದಿ ಬಂದ ಮೇಲೆ ಮನೆಯಲ್ಲಿ ಬೇಯುವಷ್ಟೇ ಹೊತ್ತಿನಲ್ಲಿ ಇಲ್ಲೂ ಬೇಯುತ್ತದೆ. ಜಾಸ್ತಿಯಾಗುವುದು ಕುದಿ ಬರುವ ಹೊತ್ತು. 24 ಲೀಟರ್ ನೀರನ್ನು ಮನೆಯ ಗ್ಯಾಸ್ ಒಲೆಯ ಮೇಲೆ ಇಟ್ಟರೆ ಗಂಟೆ ದಾಟುತ್ತದೆ. ಹಾಗಾಗಿ ದೊಡ್ಡ ಬರ್ನರ್ ಬಾಡಿಗೆಗೆ ತನ್ನಿ.

ಜೊತೆಗೆ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಮೊದಲಿಂದ ಬೇಯಿಸಬೇಡಿ. ತೆಳುವಾದ ಸಾರಿನಲ್ಲಿ ಅಡಿಯ ಬಿಸಿ ತಾನಾಗಿ ಮೇಲೆ ಹರಿಯುತ್ತದೆ. ಗಟ್ಟಿ ಬಾತಿನಲ್ಲಿ ಹರಿಯುವುದಿಲ್ಲ. ಮೇಲೆ ಕುದಿಯೇ ಬಂದಿರುವುದಿಲ್ಲ, ಕೆಳಗೆ ಸೀದಿರುತ್ತದೆ. ಬೇಳೆಯನ್ನು 7 ಲೀಟರ್ ನೀರಿನಲ್ಲಿ, ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬದಂತೆ, ನಾಲ್ಕು ಸಲವಾಗಿ ಬೇಯಿಸಿಕೊಳ್ಳಿ. ಅನ್ನಕ್ಕೆ 9 ಲೀಟರ್, ಕಾಳು ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿ. ಉಳಿದ 8 ಲೀಟರಿನಲ್ಲಿ ತರಕಾರಿ ಬೇಯಿಸಿ, ಅದು ಮೆತ್ತಗಾದ ಮೇಲೆ ಹುಣಸೆ ರಸ, ಪುಡಿ, ಉಪ್ಪು, ಬೆಲ್ಲ ಹಾಕಿ, ಬೇಳೆ ಸೇರಿಸಿ ಕುದಿಸಿ. ಅನ್ನ ಬೀಳುವುದು ಕೊನೆಗೆ. ಅಷ್ಟರ ಮೇಲೂ ಸೀದ ವಾಸನೆ ಬಂದರೆ ಸಟ್ಟುಗದಲ್ಲಿ ಅಡಿ ಕೆರೆಯಬೇಡಿ. ಮೇಲಿನದನ್ನು ಬೇರೆ ಪಾತ್ರೆಗೆ ತೆಗೆದುಬಿಡಿ.

ಒಗ್ಗರಣೆಯ ಎಣ್ಣೆಗೂ 16 ಬೇಡ. ಬಾಣಲೆಯ ತಳ ಮುಚ್ಚಿ ಸಾಸಿವೆ, ಗೋಡಂಬಿ, ಕರಿಬೇವು ಮುಳುಗುವಷ್ಟಿದ್ದರೆ ಸಾಕು, 400 ಮಿ.ಲೀ. ಹತ್ತಿರ.

ಒಲೆ ಆರಿಸುವಾಗ ಬಾತ್ ನಿಮಗೆ ನೀರು ನೀರಾಗಿ ಕಾಣಬೇಕು, ಸೌಟಿನಿಂದ ಹುಳಿಯಂತೆ ಇಳಿಯಬೇಕು. 35 ಕಿಲೋ ಬೇಗ ಆರುವುದಿಲ್ಲ. ಮುಚ್ಚಿಟ್ಟ ಪಾತ್ರೆಯಲ್ಲಿ ಅನ್ನ ಬೇಯುತ್ತಲೇ, ನೀರು ಕುಡಿಯುತ್ತಲೇ ಇರುತ್ತದೆ. ಮೊದಲ ಪಂಕ್ತಿಗೆ ಹದವಾಗಿದ್ದದ್ದು ಎರಡನೇ ಪಂಕ್ತಿಗೆ ಮುದ್ದೆಯಾಗಿರುತ್ತದೆ. ಆಗ ಪಕ್ಕದಲ್ಲಿಟ್ಟ ಬಿಸಿನೀರು ಎರಡು ಲೀಟರ್ ಸುರಿದು ಕಲಸಿ. ಆ ನೀರಿಗೂ 18 ಗ್ರಾಂ ಉಪ್ಪು ಹಾಕಿಕೊಂಡೇ ಸುರಿಯಿರಿ.