ಮೈಸೂರಿನ ಸಮ್ಮೇಳನಕ್ಕೆ ನಾನು ಓ.ಡಿ. ಪಡೆದದ್ದು ಹೀಗೆ

ತೊಗರಿ ಎಲೆಯ ಫೋಟೋ ನೋಡಿ ಗೊಡ್ಡು ರೋಗ ಗುರುತಿಸುವ ನಮ್ಮ ಪ್ರಾಜೆಕ್ಟ್ ಪ್ರಬಂಧ ಮೈಸೂರಿನ ಸಮ್ಮೇಳನವೊಂದಕ್ಕೆ ಆಯ್ಕೆಯಾಯಿತು. ಓದುವುದು ನಾನು. ಕಲಬುರಗಿಯಿಂದ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಗುರುವಾರದಿಂದ ಶನಿವಾರದವರೆಗಿನ ತರಗತಿ ತಪ್ಪುತ್ತದೆ. ವಿಟಿಯುನಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕಲ್ವಾ? ಹಾಗಾಗಿ ಓ.ಡಿ., ಅಂದರೆ ತಪ್ಪಿದ ತರಗತಿಗೂ ಸಿಗುವ ಆನ್ ಡ್ಯೂಟಿ ಹಾಜರಾತಿ, ಬೇಕೇ ಬೇಕಿತ್ತು.

ಅರ್ಜಿ ಬರೆಯುವ ಮೊದಲು ಲೆಕ್ಕ ಹಾಕಿದೆ. ಎಚ್‌ಒಡಿ ಎಷ್ಟು ದಿನ ಅಂತ ಕೇಳಬಹುದು, ಆದರೆ ಹಾಜರಾತಿ ಬೀಳುವುದು ವಿಷಯವಾರು, ತಾಸಿನ ಲೆಕ್ಕದಲ್ಲಿ. ಒಂದು ವಿಷಯಕ್ಕೆ ಸೆಮಿಸ್ಟರ್‌ನಲ್ಲಿ 40 ತರಗತಿ. ಜ್ವರ ಬಂದಾಗ 5 ತಪ್ಪಿದ್ದವು. ಇನ್ನೂ 3 ಹೋದರೆ 32, ಅಂದರೆ ಶೇ. 80. ಓ.ಡಿ. ಸಿಕ್ಕರೆ 35, ಶೇ. 87.5. ಹೀಗೆ ಎಲ್ಲ ವಿಷಯಕ್ಕೂ ಒಂದು ಪಟ್ಟಿ ಮಾಡಿ ಅರ್ಜಿಯ ಹಿಂದೆ ಸೇರಿಸಿದೆ. ಇದೇ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು.

ಅರ್ಜಿ ಚಿಕ್ಕದು: "ದಿನಾಂಕ ಇಂಥದ್ದರಿಂದ ಇಂಥದ್ದರವರೆಗೆ ಪ್ರಬಂಧ ಮಂಡಿಸಲು ಹೋಗುತ್ತಿದ್ದು, ಈ ಕೆಳಗಿನ ತರಗತಿಗಳಿಗೆ ಆನ್ ಡ್ಯೂಟಿ ಹಾಜರಾತಿ ನೀಡಬೇಕಾಗಿ ಕೋರುತ್ತೇನೆ." ಕೆಳಗೆ ಮೊದಲು ಗೈಡ್ ಸಹಿ. ಅದಿಲ್ಲದೆ ಎಚ್‌ಒಡಿ ಕೈಗೆ ಕೊಟ್ಟರೆ ವಾಪಸ್ ಗೈಡ್ ಹತ್ತಿರವೇ ಕಳಿಸುತ್ತಾರೆ. ಜೊತೆಗೆ ಪ್ರಬಂಧ ಸಂಖ್ಯೆ ಇರುವ ಒಪ್ಪಿಗೆ ಇಮೇಲ್, ನೋಂದಣಿ ರಸೀದಿ, ರೈಲು ಟಿಕೆಟ್, ನನ್ನ ಸರದಿ ಇರುವ ವೇಳಾಪಟ್ಟಿಯ ಪುಟ.

ಎಚ್‌ಒಡಿ ಸರ್ ಅದನ್ನೆಲ್ಲ ತಿರುವಿ ಹಾಕಿ ಕೇಳಿದರು, "ನೀ ಓದಾಕಿ, ಆತು. ಅವರಿಬ್ಬರು ಯಾಕ ಹೊಂಟಾರ?" ಪ್ರಬಂಧದಲ್ಲಿ ಮೂವರ ಹೆಸರಿದ್ದರೂ ನೋಂದಣಿ ಆಗಿದ್ದು ನನ್ನೊಬ್ಬಳದೇ. ಗೆಳತಿಯರಿಗೆ ಸಿಗಲಿಲ್ಲ. ನನಗೆ ಬೇಜಾರಾಯಿತು, ಆದರೂ ಸರ್ ಹೇಳಿದ್ದು ಸರಿ ಅನ್ನಿಸಿತು.

ಆಮೇಲೆ ಗುರುವಾರದ ಮಾತು ಬಂತು. ಸಮ್ಮೇಳನ ಶುಕ್ರವಾರ ಶುರು. ಗುರುವಾರ ಯಾಕೆ? ನನ್ನ ಸರದಿ ಶುಕ್ರವಾರ ಬೆಳಿಗ್ಗೆಯೇ ಇತ್ತು, ಬುಧವಾರ ರಾತ್ರಿ ರೈಲು ಹತ್ತಿದರೆ ಮಾತ್ರ ನೆಮ್ಮದಿಯಿಂದ ತಲುಪಬಹುದು ಅಂತ ಟಿಕೆಟ್ ತೋರಿಸಿ ಹೇಳಿದೆ. ಶನಿವಾರಕ್ಕೂ ಕಾರಣ ಬೇಕಿತ್ತು. ಪ್ರಮಾಣಪತ್ರ ಸಮಾರೋಪದಲ್ಲೇ ಕೊಡುತ್ತೇವೆ ಎಂಬ ಆಯೋಜಕರ ಇಮೇಲ್ ಅದಕ್ಕೆ ಸಾಕಾಯಿತು. ಸರ್ "ಹಾಜರಿ ಪ್ರಮಾಣಪತ್ರ ತಂದ ಮೇಲೆ" ಎಂದು ಬರೆದು ಸಹಿ ಹಾಕಿದರು. ಅಂದರೆ ಹೋಗಲು ಅನುಮತಿ ಮೊದಲೇ ಸಿಕ್ಕಿತು, ಹಾಜರಾತಿ ಮಾತ್ರ ಬಂದ ಮೇಲೆ.

ವಾಪಸ್ ಬಂದ ಕೂಡಲೇ ಪ್ರಮಾಣಪತ್ರದ ಪ್ರತಿ ಕೊಟ್ಟೆ. ಆದರೆ ಎಚ್‌ಒಡಿ ಸಹಿಯಾದ ಮಾತ್ರಕ್ಕೆ ರಿಜಿಸ್ಟರ್ ತನ್ನಿಂದ ತಾನೇ ಬದಲಾಗುವುದಿಲ್ಲ. ಪ್ರತಿ ವಿಷಯದ ಮೇಡಂ, ಸರ್ ಹತ್ತಿರ ಹೋಗಿ ಆಯಾ ತಾಸು ತೋರಿಸಿ ಹಾಕಿಸಿದೆ. ತಿಂಗಳ ಕೊನೆಯ ಹಾಜರಾತಿ ಪಟ್ಟಿ ಬರುವ ಮೊದಲೇ ಇದು ಮುಗಿಯಬೇಕು. ಲ್ಯಾಬ್‌ನಲ್ಲಿ ಹಾಜರಿ ಸಿಕ್ಕಿತು, ಪ್ರಯೋಗದ ಅಂಕ ಸಿಗಲಿಲ್ಲ. ಅದನ್ನು ಮುಂದಿನ ವಾರ ಬೇರೆ ಬ್ಯಾಚ್ ಜೊತೆ ಕೂತು ಮಾಡಿ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡೆ.