ಬೆಕ್ಕಿನ ತೂಕ: ತಿಂಗಳಿಗೆ ಅರವತ್ತು ಗ್ರಾಂ ಇಳಿದರೆ ಗೊತ್ತಾಗುವುದು ಹೇಗೆ

ಧಾರವಾಡದ ನಮ್ಮ ಮನೆಯ ಹೆಣ್ಣು ಬೆಕ್ಕಿಗೆ ಈಗ 11 ವರ್ಷ. ಪ್ರತಿ ತಿಂಗಳ ಮೊದಲ ಭಾನುವಾರ ಮುಂಜಾನೆ, ಊಟ ಹಾಕುವ ಮೊದಲು ಅದನ್ನು ತೂಗುತ್ತೇನೆ. ಹೊತ್ತು ಬದಲಾಗಬಾರದು. ಹೊಟ್ಟೆ ತುಂಬ ಉಂಡ ಬೆಕ್ಕಿಗೂ ಖಾಲಿ ಹೊಟ್ಟೆಯ ಬೆಕ್ಕಿಗೂ 50ರಿಂದ 100 ಗ್ರಾಂ ಫರಕು ಬರುತ್ತದೆ. ನಾವು ಹುಡುಕುತ್ತಿರುವ ಬದಲಾವಣೆಯೂ ಅಷ್ಟೇ ಇರುತ್ತದೆ.

ಬೆಕ್ಕನ್ನು ಎತ್ತಿಕೊಂಡು ಮನುಷ್ಯರನ್ನು ತೂಗುವ ಯಂತ್ರದ ಮೇಲೆ ನಿಂತು, ಆಮೇಲೆ ನಾವೊಬ್ಬರೇ ನಿಂತು ಕಳೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಆ ಯಂತ್ರಗಳು ಸಾಮಾನ್ಯವಾಗಿ 100 ಗ್ರಾಂ ಲೆಕ್ಕದಲ್ಲೇ ತೋರಿಸುತ್ತವೆ. ಎರಡು ಸಲ ತೂಗುವುದರಿಂದ ತಪ್ಪೂ ಎರಡು ಸಲ ಸೇರುತ್ತದೆ. ಪಾದ ಸ್ವಲ್ಪ ಮುಂದೆ ಹಿಂದೆ ಆದರೂ ಅಂಕಿ ಬದಲಾಗುತ್ತದೆ. 4 ಕಿಲೋ ಬೆಕ್ಕಿಗೆ 200 ಗ್ರಾಂ ಎಂದರೆ ಶೇ. 5. ಮನುಷ್ಯರ ಲೆಕ್ಕದಲ್ಲಿ 60 ಕಿಲೋ ಇದ್ದವರು 3 ಕಿಲೋ ಇಳಿದಂತೆ. ಅಷ್ಟು ದೊಡ್ಡ ಇಳಿಕೆ ಯಂತ್ರದ ತಪ್ಪಿನೊಳಗೇ ಅಡಗಿಬಿಡಬಹುದು. 6–7 ಕಿಲೋದ ದಪ್ಪ ಬೆಕ್ಕಿಗೆ, ಬೇರೆ ಏನೂ ಇಲ್ಲದಾಗ ಇದು ನಡೆಯುತ್ತದೆ. ಆಗಲೂ ಮೂರು ಸಲ ತೂಗಿ ನಡುವಿನ ಅಂಕಿ ಹಿಡಿಯಬೇಕು.

ಹಾಗಾಗಿ ನಾನು ಬಳಸುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದೂ 10 ಕಿಲೋದ್ದು. 5 ಕಿಲೋ ತಕ್ಕಡಿಯಲ್ಲಿ ಒಂದು ತೊಡಕಿದೆ. ಟಬ್ಬು ಇಟ್ಟು ಸೊನ್ನೆ ಮಾಡಿದರೂ ಟಬ್ಬಿನ ಭಾರ ತಕ್ಕಡಿಯ ಮೇಲೆ ಇದ್ದೇ ಇರುತ್ತದೆ. 700 ಗ್ರಾಂ ಟಬ್ಬಾದರೆ ಬೆಕ್ಕಿಗೆ ಉಳಿಯುವುದು 4 ಕಿಲೋ 300 ಗ್ರಾಂ ಮಾತ್ರ, ಅದರ ಮೇಲೆ ಹೋದರೆ ತಕ್ಕಡಿ ಅಂಕಿಯನ್ನೇ ಕೊಡುವುದಿಲ್ಲ.

ತಕ್ಕಡಿಯನ್ನು ನೆಲದ ಮೇಲೆ, ಅಲುಗದ ಫರ್ಸಿಕಲ್ಲಿನ ಮೇಲೆ ಇಡುತ್ತೇನೆ. ಚಾಪೆ, ಜಮಖಾನೆ ಅಡಿಯಲ್ಲಿದ್ದರೆ ತೂಕ ತಪ್ಪು ತೋರಿಸುತ್ತದೆ. ಟಬ್ಬು ತಕ್ಕಡಿಗಿಂತ ಅಗಲ ಇದ್ದರೆ ಅಂಕಿ ಮುಚ್ಚಿಹೋಗುತ್ತದೆ. ನಡುವೆ ಒಂದು ಮಣೆಯ ತುಂಡು ಇಟ್ಟರೆ ಟಬ್ಬು ಮೇಲೇಳುತ್ತದೆ, ಅಂಕಿ ಕಾಣುತ್ತದೆ. ಟಬ್ಬಿನೊಳಗೆ ಬೆಕ್ಕು ದಿನಾ ಮಲಗುವ ಬಟ್ಟೆಯನ್ನೇ ಹಾಸಿ, ಸೊನ್ನೆ ಒತ್ತಿ, ಆಮೇಲೆ ಬೆಕ್ಕನ್ನು ಕೂಡಿಸುತ್ತೇನೆ. ತಡ ಮಾಡಿದರೆ ಯಂತ್ರ ತಾನೇ ಆರಿಹೋಗಿ ಸೊನ್ನೆ ಮಾಡಿದ್ದು ಅಳಿಸಿಹೋಗುತ್ತದೆ. ಅದಕ್ಕೇ ಮಣೆ, ಟಬ್ಬು, ಬಟ್ಟೆ ಮೂರರ ಒಟ್ಟು ತೂಕವನ್ನು ಟಬ್ಬಿನ ಅಂಚಿಗೇ ಬರೆದಿಟ್ಟಿದ್ದೇನೆ. ಬೆಕ್ಕು ಬಾಲ ಆಡಿಸಿದರೂ ಅಂಕಿ 10–20 ಗ್ರಾಂ ಓಲಾಡುತ್ತದೆ. ಬಾಲ ಟಬ್ಬಿನ ಹೊರಗೆ ಇಳಿದು ನೆಲ ಮುಟ್ಟುತ್ತಿಲ್ಲ ಎಂದು ನೋಡಿಕೊಂಡು, ಅಂಕಿ ನಿಂತಾಗ ಬರೆದುಕೊಳ್ಳಬೇಕು.

ತಕ್ಕಡಿಯನ್ನೂ ಆಗಾಗ ಪರೀಕ್ಷಿಸಬೇಕು. ಖಾಲಿ ಬಾಟಲಿ ಇಟ್ಟು ಸೊನ್ನೆ ಮಾಡಿ, ಅದಕ್ಕೆ ಅಳೆದು 1 ಲೀಟರ್ ನೀರು ತುಂಬಿದರೆ 1 ಕಿಲೋ ತೋರಿಸಬೇಕು. ಬ್ಯಾಟರಿ ಇಳಿದಾಗ ಮೊದಲು ಕೆಡುವುದು ಇಲ್ಲೇ.

ಇನ್ನು ಅಂಕಿಗಳ ಮಾತು. ನಮ್ಮ ವಹಿಯಲ್ಲಿ ಈ ಬೆಕ್ಕಿನ ತೂಕ ಜನವರಿಯಲ್ಲಿ 4,210 ಗ್ರಾಂ, ಫೆಬ್ರವರಿಯಲ್ಲಿ 4,150, ಮಾರ್ಚಿನಲ್ಲಿ 4,090, ಏಪ್ರಿಲ್‌ನಲ್ಲಿ 4,010. ಒಂದೊಂದನ್ನೇ ನೋಡಿದರೆ 60 ಗ್ರಾಂ ಏನೂ ಅಲ್ಲ, ಒಂದು ಸಲದ ಉಚ್ಚೆಯಷ್ಟು. ಆದರೆ ಮೂರು ತಿಂಗಳೂ ಒಂದೇ ದಿಕ್ಕಿಗೆ ಇಳಿದಿದೆ. ಕಳೆದುಕೊಂಡದ್ದನ್ನು ಮೊದಲಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ, 200 ಭಾಗಿಸು 4,210, ಸುಮಾರು ಶೇ. 4.8 ಬರುತ್ತದೆ. ಊಟ ಎಂದಿನಂತೆಯೇ ಇತ್ತು, ಮೈಮೇಲಿನ ಕೂದಲು ದಟ್ಟ ಇದ್ದದ್ದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಡಾಕ್ಟರು ವಹಿ ನೋಡಿ, “ಒಂದು ತಿಂಗಳದ್ದು ನೋಡಿ ಏನೂ ಹೇಳಾಕ ಬರೂದಿಲ್ಲರಿ, ಇದು ಬ್ಯಾರೆ” ಎಂದು ರಕ್ತ, ಉಚ್ಚೆ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಕಿಡ್ನಿ ತೊಂದರೆ, ಇನ್ನೂ ಮೊದಲ ಹಂತದಲ್ಲಿತ್ತು.

ಅಂದಿನಿಂದ ನಾನು ಇಟ್ಟುಕೊಂಡ ಲೆಕ್ಕ ಇದು: ನಾವಾಗಿ ಊಟ ಕಡಿಮೆ ಮಾಡದೆ ತೂಕ ಶೇ. 5 ಇಳಿದರೆ, ಅದು ಒಂದು ತಿಂಗಳಲ್ಲಾಗಲಿ ಮೂರು ತಿಂಗಳಲ್ಲಾಗಲಿ, ಡಾಕ್ಟರ ಹತ್ತಿರ ಹೋಗಬೇಕು. ಶೇ. 10ರವರೆಗೆ ಕಾಯಬಾರದು. ವಯಸ್ಸಾದ ಬೆಕ್ಕು ಮೊದಲಿಗಿಂತ ಹೆಚ್ಚು ಉಣ್ಣುತ್ತಾ ಇಳಿಯುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಯ ಶಂಕೆ. ನೀರು ಹೆಚ್ಚು ಕುಡಿಯುತ್ತಿದ್ದರೆ ಸಕ್ಕರೆ ಅಥವಾ ಕಿಡ್ನಿ. ದಪ್ಪ ಬೆಕ್ಕು ಎರಡು ದಿನ ಊಟ ಬಿಟ್ಟರಂತೂ ತಕ್ಕಡಿಯನ್ನು ಕಾಯುವ ಹಾಗೇ ಇಲ್ಲ, ಅವಕ್ಕೆ ಲಿವರಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ.

ತೂಕ ಏರುವುದು ಹೆಚ್ಚಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ, ಅದೇ ಪ್ರಮಾಣದ ಊಟ ಮುಂದುವರಿಸಿದಾಗ. ಅಲ್ಲಿ ಅವಸರವಿಲ್ಲ, ಊಟ ಅಳೆದು ಹಾಕಬೇಕು. ಆದರೆ ಟಬ್ಬಿನಿಂದ ಎತ್ತುವಾಗ ಪ್ರತಿ ಸಲವೂ ಬೆನ್ನಿನ ಮೇಲೆ ಕೈಯಾಡಿಸುತ್ತೇನೆ. ತೂಕ ಇದ್ದಷ್ಟೇ ಇದ್ದು ಅಥವಾ ಏರಿ, ಬೆನ್ನಮೂಳೆ ಮಾತ್ರ ಒಂದೊಂದಾಗಿ ಕೈಗೆ ಸಿಕ್ಕುತ್ತಾ ಹೊಟ್ಟೆ ಉಬ್ಬಿದ್ದರೆ, ಏರಿದ್ದು ಮಾಂಸವಲ್ಲ, ಹೊಟ್ಟೆಯಲ್ಲಿ ತುಂಬಿದ ನೀರಿರಬಹುದು. ಅಂಥ ಬೆಕ್ಕನ್ನು ಅವತ್ತೇ ತೋರಿಸಬೇಕು.